ಲೇಬಲ್ ಅಂಟಿಸುವ ಮೇಜಿನಿಂದ ಶುರು ಮಾಡಿ

"ದಿನಕ್ಕ ಹತ್ತು ಆರ್ಡರ್ ಇದ್ದಾಗ ಎಲ್ಲಾ ಸರಿ ಇತ್ತು. ಈಗ ಎಂಬತ್ತು ಬರ್ತಾವ, ಒಬ್ಬರದು ಇನ್ನೊಬ್ಬರಿಗೆ ಹೋಗ್ತದ. ಪ್ಯಾಕಿಂಗ್ ಯಾವ ಕ್ರಮದಾಗ ಮಾಡ್ಬೇಕಂತ ತಿಳಿಸೋ ಎಸ್‌ಓಪಿ ಬರೀಬೇಕಂದ್ರ ಎಲ್ಲಿಂದ ಶುರು ಮಾಡ್ಲಿ?"

ಲೇಬಲ್‌ನಿಂದ. ಸಾಮಾನು ಇಳಿಸಿಕೊಳ್ಳುವುದು, ರ‍್ಯಾಕ್ ಜೋಡಿಸುವುದು ಎಲ್ಲಾ ಆಮೇಲೆ ಬರೆಯಿರಿ. ಒಬ್ಬರ ಪಾರ್ಸೆಲ್ ಇನ್ನೊಬ್ಬರಿಗೆ ಹೋಗುವುದು ಹೆಚ್ಚಾಗಿ ಲೇಬಲ್ ಅಂಟಿಸುವ ಮೇಜಿನ ಮೇಲೇ.

ಕಲಬುರಗಿಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ ಕಳಿಸುವ ಅಂಗಡಿಯನ್ನೇ ತಗೊಳ್ಳಿ. ಬೆಳಿಗ್ಗೆ ಎಂಬತ್ತೂ ಲೇಬಲ್ ಒಟ್ಟಿಗೆ ಪ್ರಿಂಟ್ ಆಗುತ್ತವೆ. ಒಬ್ಬರು ಬಾಕ್ಸ್ ತುಂಬುತ್ತಾರೆ, ಇನ್ನೊಬ್ಬರು ಕಟ್ಟಿನಿಂದ ಲೇಬಲ್ ತೆಗೆದು ಸಾಲಾಗಿ ಅಂಟಿಸುತ್ತಾರೆ. ನಡುವೆ 23ನೇ ಆರ್ಡರ್ ರದ್ದಾಯಿತು. ಬಾಕ್ಸ್ ತಯಾರಾಗಲಿಲ್ಲ, ಲೇಬಲ್ ಮಾತ್ರ ಕಟ್ಟಿನಲ್ಲೇ ಉಳಿಯಿತು. 24ರ ಬಾಕ್ಸಿಗೆ 23ರ ಲೇಬಲ್ ಹತ್ತಿತು, 25ಕ್ಕೆ 24ರದು. ಕೊನೆಗೆ ಒಂದು ಲೇಬಲ್ ಮಿಕ್ಕಾಗಲೇ ಗೊತ್ತಾಗುವುದು. ಅಷ್ಟೊತ್ತಿಗೆ ಕೊರಿಯರ್ ಗಾಡಿ ಹೋಗಿರುತ್ತದೆ. ಬರೀ ಎರಡು ಲೇಬಲ್ ಅದಲು ಬದಲಾದರೆ ಇನ್ನೂ ಕಷ್ಟ, ಲೆಕ್ಕ ಸರಿಯಾಗೇ ಬರುತ್ತದೆ!

ಹಾಗಾಗಿ ಎಸ್‌ಓಪಿಯ ಮೊದಲ ಸಾಲು ಇದು: ಬಾಕ್ಸ್ ತುಂಬಿ, ತೂಗಿ, ಆಮೇಲೆ ಆ ಒಂದೇ ಆರ್ಡರಿನ ಲೇಬಲ್ ಪ್ರಿಂಟ್ ಮಾಡಿ ಅಂಟಿಸಬೇಕು. ಅದು ಮುಗಿಯುವವರೆಗೆ ಮೇಜಿನ ಮೇಲೆ ಎರಡನೇ ಬಾಕ್ಸ್ ಬರಬಾರದು. ಪ್ರಿಂಟರ್ ಒಂದೇ ಹಾಳೆಯಲ್ಲಿ ನಾಲ್ಕು ಲೇಬಲ್ ಕೊಡುವಂಥದ್ದಾದರೆ, ತುಂಬುವಾಗಲೇ ಬಾಕ್ಸಿನ ಮೇಲೆ ಆರ್ಡರ್ ನಂಬರಿನ ಕೊನೆಯ ನಾಲ್ಕು ಅಂಕಿ ಮಾರ್ಕರಿನಲ್ಲಿ ಬರೆಯಿರಿ. ಅಂಟಿಸುವವರು ಅದನ್ನು ಲೇಬಲ್ ಜೊತೆ ಹೋಲಿಸಿ ನೋಡಲಿ.

ಈಗ ಬಾಕ್ಸಿನ ಒಳಗಿನ ವಿಷಯ. 'ಎಚ್ಚರಿಕೆಯಿಂದ ಪರಿಶೀಲಿಸಿ' ಅಂತ ಬರೆದರೆ ಸುಮ್ನೆ ಒಂದು ಸಾಲು ದಂಡ. ಪರಿಶೀಲಿಸಿದರೋ ಇಲ್ಲವೋ ಅಂತ ಯಾರಿಗೂ ಗೊತ್ತಾಗಲ್ಲ. ತಕ್ಕಡಿಗೆ ಗೊತ್ತಾಗುತ್ತದೆ. ಒಂದು ಆರ್ಡರಿನಲ್ಲಿ ರೊಟ್ಟಿ ಪ್ಯಾಕೆಟ್ ಎರಡು, ಕಾಲು ಕಿಲೋ ಶೇಂಗಾ ಹಿಂಡಿ, ಒಂದು ಕಿಲೋ ಬೇಳೆ ಇವೆ ಅನ್ನಿ. ಚೀಲ, ಬಾಕ್ಸ್, ಒಳಗಿನ ಕಾಗದ ಸೇರಿ 2,330 ಗ್ರಾಂ ಬರಬೇಕು. ಟೇಪ್ ಹಾಕುವ ಮೊದಲು ತೂಗಿದಾಗ 2,070ರ ಆಸುಪಾಸು ತೋರಿಸಿದರೆ ಹಿಂಡಿ ಒಳಗೆ ಬಿದ್ದಿಲ್ಲ. ರೊಟ್ಟಿ ಕೈಯಲ್ಲಿ ಬಡಿದದ್ದು, ಒಂದೊಂದು ಪ್ಯಾಕೆಟ್ ಒಂದೊಂದು ತೂಕ. ಅದಕ್ಕೆ ಆಚೆ ಈಚೆ 60 ಗ್ರಾಂ ಬಿಡಿ. ಎಷ್ಟು ಬಿಡಬಹುದು ಅನ್ನೋದಕ್ಕೆ ಲೆಕ್ಕ ಸುಲಭ: ನೀವು ಮಾರುವ ಅತಿ ಹಗುರ ಸಾಮಾನಿನ ತೂಕದ ಅರ್ಧಕ್ಕಿಂತ ಕಡಿಮೆ ಇರಬೇಕು. ನಾಳೆ 50 ಗ್ರಾಂ ಸ್ಯಾಂಪಲ್ ಪೊಟ್ಟಣ ಮಾರಲು ಶುರು ಮಾಡಿದರೆ ಅದು ಬಿಟ್ಟುಹೋದದ್ದನ್ನು ಈ ತಕ್ಕಡಿ ಹಿಡಿಯಲ್ಲ.

ತಕ್ಕಡಿ ಹಿಡಿಯದ ಇನ್ನೊಂದು ತಪ್ಪು ಇದೆ. ಶೇಂಗಾ ಹಿಂಡಿ ಬದಲು ಅಗಸಿ ಹಿಂಡಿ ಹೋದರೆ ತೂಕ ಅಷ್ಟೇ. ಹಬ್ಬದ ಸೀಸನ್‌ಗೆ ಬಂದ ಹೊಸ ಹುಡುಗ "ಅಕ್ಕಾ, ಇದು ಶೇಂಗಾನಾ, ಅಗಸೀನಾ?" ಅಂತ ಕೇಳಿದರೆ ಪುಣ್ಯ. ಕೇಳದೇ ಹಾಕಿದರೆ? ಅದಕ್ಕೆ ಚೀಲದ ಮೇಲೆ `SH-250`, `AG-250` ಅಂತ ದಪ್ಪಕ್ಷರದ ಕೋಡ್ ಇರಲಿ. ತುಂಬುವವರು ಕೋಡನ್ನು ಬಾಯಿಬಿಟ್ಟು ಓದಿ, ಆರ್ಡರ್ ಚೀಟಿಯಲ್ಲಿ ಟಿಕ್ ಹಾಕಬೇಕು. ಇವೆರಡನ್ನೂ ರ‍್ಯಾಕಿನಲ್ಲಿ ಅಕ್ಕಪಕ್ಕ ಇಡಲೇಬೇಡಿ.

ತೂಕ ಹೊಂದದಿದ್ದರೆ ಏನು ಮಾಡಬೇಕು ಅನ್ನೋದನ್ನೂ ಬರೆಯಿರಿ. ಇದನ್ನು ಬರೆಯದವರೇ ಜಾಸ್ತಿ. ಬಾಕ್ಸ್ ಕೆಂಪು ಕ್ರೇಟಿಗೆ ಹೋಗಬೇಕು, ಚೀಟಿ ಅದರೊಳಗೇ ಇರಬೇಕು, ಒಬ್ಬರೇ ಅದನ್ನು ತೆಗೆದು ನೋಡಬೇಕು. ಅವಸರದಲ್ಲಿ ಪಕ್ಕದ ಬಾಕ್ಸಿನಿಂದ ಒಂದು ಪ್ಯಾಕೆಟ್ ತೆಗೆದು ಇದಕ್ಕೆ ಹಾಕಿದರೆ ಒಂದು ತಪ್ಪು ಎರಡಾಗುತ್ತದೆ. ರದ್ದಾದ ಆರ್ಡರೂ ಅದೇ ಕ್ರೇಟಿಗೆ.

ಬಾಕ್ಸ್ ಅಳತೆಯನ್ನೂ ಎಸ್‌ಓಪಿಯಲ್ಲೇ ಬರೆದಿಡಿ. ರೊಟ್ಟಿ ಹಗುರ, ಜಾಗ ಮಾತ್ರ ಜಾಸ್ತಿ ಹಿಡಿಯುತ್ತದೆ. ಎಷ್ಟೋ ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಆ ಅಂಕಿ, ನಿಜವಾದ ತೂಕ, ಇವೆರಡರಲ್ಲಿ ಯಾವುದು ದೊಡ್ಡದೋ ಅದಕ್ಕೇ ದುಡ್ಡು. 30×30×15ರ ಬಾಕ್ಸಿಗೆ 2.7 ಕಿಲೋ ಆಗುತ್ತದೆ, ಒಳಗೆ ಒಂದೇ ಕಿಲೋ ರೊಟ್ಟಿ ಇದ್ದರೂ. ಸಿಕ್ಕ ಬಾಕ್ಸಿಗೆ ತುಂಬಿದರೆ ಲಾಭ ಅಲ್ಲೇ ಹೋಗುತ್ತದೆ.

ಗಾಡಿ ಬಂದಾಗ ಮೂರು ಎಣಿಕೆ ಹೊಂದಬೇಕು: ಪ್ರಿಂಟ್ ಆದ ಲೇಬಲ್, ಕೊಟ್ಟ ಪಾರ್ಸೆಲ್, ಮ್ಯಾನಿಫೆಸ್ಟ್ ಅನ್ನುವ ಪಾರ್ಸೆಲ್ ಪಟ್ಟಿಯಲ್ಲಿರುವ ಸಂಖ್ಯೆ. ಆ ಪಟ್ಟಿಯ ಮೇಲೆ ಕೊರಿಯರ್ ಹುಡುಗನ ಸಹಿ ಆದಮೇಲೇ ಪಾರ್ಸೆಲ್ ಗಾಡಿ ಹತ್ತಲಿ. ನಾಳೆ ಪಾರ್ಸೆಲ್ ಕಾಣೆಯಾದರೆ ನಿಮ್ಮ ಹತ್ತಿರ ತೋರಿಸೋಕೆ ಇರೋದು ಆ ಹಾಳೆ ಒಂದೇ.

ಬರೆದಾದ ಮೇಲೆ ಒಂದೇ ಪುಟದಲ್ಲಿ, ಕನ್ನಡದಲ್ಲಿ, ಮೇಲೆ ತಾರೀಖು ಹಾಕಿ ಗೋಡೆಗೆ ಅಂಟಿಸಿ. ಹಳೆಯ ಹಾಳೆ ಇದ್ದರೆ ಕಿತ್ತುಬಿಡಿ. ಪ್ಯಾಕಿಂಗ್ ಮಾಡಿ ಗೊತ್ತೇ ಇಲ್ಲದ ಒಬ್ಬರನ್ನು ಮೇಜಿನ ಮುಂದೆ ನಿಲ್ಲಿಸಿ ಹತ್ತು ಆರ್ಡರ್ ಕೊಡಿ. ನೀವು ಬಾಯಿ ತೆರೆಯಬೇಡಿ. ಅವರು ಎಲ್ಲಿ ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಅದನ್ನು ಸೇರಿಸಿ.