ಹಿಟ್ಟು ಮುರಿಯುವ ಮೊದಲು

ನಮ್ಮ ಆಯಿ "ಇನ್ನೊಂದು ಹಾಕಲಾ?" ಅಂತ ಕೇಳುವವಳಲ್ಲ. ಹಾಕಿಬಿಡುತ್ತಾಳೆ. ನೀವು ನೀರಿನ ತಂಬಿಗೆ ಎತ್ತಿದಿರೋ, ಯಾರೋ ಕರೆದರು ಅಂತ ಬಾಗಿಲ ಕಡೆ ತಿರುಗಿದಿರೋ, ಅಷ್ಟರಲ್ಲಿ ತಾಟಿನಲ್ಲಿ ಒಂದು ಬಿಸಿ ರೊಟ್ಟಿ ಬಂದು ಕೂತಿರುತ್ತದೆ. ಅದರ ಮೇಲೆ ಒಂದು ಉಂಡೆ ಬೆಣ್ಣೆ ಬೇರೆ.

ಊರು ಆಳಂದ ತಾಲ್ಲೂಕಿನ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವಳು, ವರ್ಷಕ್ಕೆ ಎರಡು ಸಲ ಹೋಗುತ್ತೇನೆ. ಹೋದಾಗಲೆಲ್ಲ ಆಯಿ ಬಾಗಿಲಲ್ಲೇ ನನ್ನ ಮುಂಗೈ ಹಿಡಿದು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ಒತ್ತಿ ನೋಡಿ, "ಎಷ್ಟ್ ಸೊರಗೀದಿ ಯವ್ವಾ" ಅನ್ನುತ್ತಾಳೆ. ನಾನು ನಾಲ್ಕು ಕೆಜಿ ಜಾಸ್ತಿಯಾಗಿ ಹೋದ ವರ್ಷವೂ ಇದೇ ಮಾತು.

ಹೋದ ದೀಪಾವಳಿಯಲ್ಲಿ ಒಂದು ಎಡವಟ್ಟಾಯಿತು. ರಾತ್ರಿಯೆಲ್ಲ ರೈಲು, ಹೊಟ್ಟೆ ಸರಿ ಇರಲಿಲ್ಲ. ಎರಡು ರೊಟ್ಟಿ ತಿಂದು ಮುಗಿಸಿದ್ದೆ, ಮೂರನೆಯದು ಬಂತು. "ಸಾಕ್ ಆಯಿ" ಅಂದೆ. ಅದನ್ನೂ ತಿಂದೆ, ನಾಲ್ಕನೆಯದು ಬಂತು. "ಒಲ್ಲೆ ಅಂದ್ನೆಲ್ಲಾ, ಎಷ್ಟ್ ಸಲ ಹೇಳ್ಬೇಕು?" ಅಂತ ತಾಟು ಸರಕ್ಕನೆ ಹಿಂದಕ್ಕೆ ಎಳೆದುಕೊಂಡೆ. ರೊಟ್ಟಿ ನೆಲಕ್ಕೆ ಬಿತ್ತು.

ಆಯಿ ಬೈಯಲಿಲ್ಲ. ಅದನ್ನು ಎತ್ತಿ, ಸೆರಗಿನಿಂದ ಒಂದು ಸಲ ಕೊಡವಿ, ಹೊರಗೆ ಎಮ್ಮೆಯ ಮುಂದೆ ಇಟ್ಟು ಬಂದಳು. ರಾತ್ರಿ ಊಟಕ್ಕೆ ಕೂತಾಗ ನನ್ನ ತಾಟಿಗೆ ಲೆಕ್ಕ ಹಾಕಿದ ಹಾಗೆ ಒಂದೇ ರೊಟ್ಟಿ ಹಾಕಿ, "ಸಾಕಾ?" ಅಂತ ಕೇಳಿದಳು. ನಾನು ಹೂಂ ಅಂದೆ. ಅವಳು ಕೈ ಎರಡೂ ಮಡಿಲಲ್ಲಿ ಇಟ್ಟುಕೊಂಡು ಸುಮ್ನೆ ಕೂತಳು. ಬಡಿಸದೆ ಕೂತ ಆಯಿಯನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಆ ಒಂದು ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಹಾಗಾಗಿ ಎಳ್ಳ ಅಮಾವಾಸ್ಯೆಗೆ ಹೋಗುವಾಗ ಮನಸ್ಸಿನಲ್ಲೇ ಒಂದಿಷ್ಟು ಉಪಾಯ ಕಟ್ಟಿಕೊಂಡು ಹೋದೆ. ಹಬ್ಬದ ದಿನ ಹೊಲದಲ್ಲಿ ಚರಗ ಚೆಲ್ಲಿ, ಅಲ್ಲೇ ಸಾಲಾಗಿ ಕೂತು ಊಟ. ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಹೋಳಿಗೆ, ಅಂಬಲಿ. ಅಂದು ಬೇಡ ಅನ್ನುವ ಮಾತೇ ಇಲ್ಲ. ಅಂದರೂ ಕೇಳಿಸಿಕೊಳ್ಳುವವರಿಲ್ಲ. ನನ್ನ ಪರೀಕ್ಷೆ ಮಾರನೇ ದಿನದಿಂದ ಶುರುವಾಯಿತು.

ಮೊದಲನೆಯ ಉಪಾಯ, ತಾಟಿನ ಮೇಲೆ ಕೈ ಅಡ್ಡ ಹಿಡಿಯುವುದು. ಆಯಿ ನನ್ನ ಮುಂಗೈ ಮೇಲೆಯೇ ರೊಟ್ಟಿ ಇಟ್ಟಳು. ಬಿಸಿ ತಡೆಯಲಾರದೆ ಕೈ ತೆಗೆದೆ, ರೊಟ್ಟಿ ತಾಟಿಗೆ ಬಿತ್ತು. ಎರಡನೆಯದು, ಮಜ್ಜಿಗೆ ಕೇಳುವುದು. ಮಜ್ಜಿಗೆ ಬಂತೆಂದರೆ ಊಟ ಮುಗೀತು ಅಂತ ತಾನೇ ಅರ್ಥ? "ಮಜ್ಜಿಗಿ ನೀಡ್ ಆಯಿ" ಅಂದೆ. ಮಜ್ಜಿಗೆ ಬಂತು, ಅದಕ್ಕೆ ಕಲಸಿಕೊಳ್ಳಲು ಎರಡು ಸೌಟು ಅನ್ನವೂ ಬಂತು. ಬರೀ ಮಜ್ಜಿಗೆ ಯಾರು ಕುಡಿಯುತ್ತಾರೆ!

ಕಾಕು ಇದನ್ನೆಲ್ಲ ನೋಡಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಪಾತ್ರೆ ತೊಳೆಯುವಾಗ ಹೇಳಿದಳು: "ನೀ ಹೇಳದು ತಡಾ ಆಗ್ಲತ್ತದ. ರೊಟ್ಟಿ ಹಂಚಿನ್ ಮ್ಯಾಲ್ ಇದ್ದಾಗ ಬ್ಯಾಡ ಅಂದ್ರ ಆಕಿ ಏನ್ ಮಾಡ್ಬೇಕು?"

ಇಷ್ಟು ವರ್ಷ ತಿಂದಿದ್ದೇನೆ, ಇದು ಹೊಳೆದಿರಲಿಲ್ಲ. ಸಂಜೆ ಒಲೆಯ ಹತ್ತಿರವೇ ಹೋಗಿ ಕೂತೆ. ಆಯಿ ಪರಾತದಲ್ಲಿ ಜೋಳದ ಹಿಟ್ಟು ಹಾಕಿ, ನಡುವೆ ಗುಂಡಿ ಮಾಡಿ, ಕುದಿಯುವ ನೀರು ಹೊಯ್ದಳು. ಜೋಳಕ್ಕೆ ಗೋಧಿಯಂಥ ಜಿಗುಟಿಲ್ಲ, ಬಿಸಿನೀರು ಬಿದ್ದರೇನೇ ಹಿಟ್ಟು ಹಿಡಿದುಕೊಳ್ಳುವುದು. ಒಂದೇ ರೊಟ್ಟಿಗೆ ಆಗುವಷ್ಟು ಮುರಿದುಕೊಂಡು, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದಳು. ಆಮೇಲೆ ಒಣ ಹಿಟ್ಟು ಉದುರಿಸಿ ಬಡಿಯಲು ಶುರು. ಪಟ ಪಟ ಪಟ. ರೊಟ್ಟಿ ತಾನೇ ತಿರುಗುತ್ತಾ ಅಗಲವಾಗುತ್ತದೆ. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರುವುದರೊಳಗೆ ತಿರುವಿದಳು. ಕೊನೆಗೆ ಕೆಂಡದ ಎದುರು ಆನಿಸಿ ಇಟ್ಟರೆ ಉಬ್ಬುತ್ತದೆ.

ನಾದಿದ ಹಿಟ್ಟು ಕಾಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಒಣಗಿ, ಬಡಿಯುವಾಗ ಅಂಚು ಬಿರಿಯುತ್ತದೆ. ಹಾಗಾಗಿ ಒಮ್ಮೆ ಕೈಗೆ ತೆಗೆದುಕೊಂಡ ಮೇಲೆ ಅದು ರೊಟ್ಟಿಯೇ ಆಗಬೇಕು. ನಾನು ಎರಡನೆಯ ರೊಟ್ಟಿ ಅರ್ಧ ತಿಂದಿರುವಾಗ ಮೂರನೆಯದರ ಬಡಿತ ಶುರುವಾಗಿರುತ್ತಿತ್ತು. ಪಟ ಪಟ ಸದ್ದು ಕೇಳಿದರೆ ನನ್ನ ಪಾಲಿಗೆ ತೀರ್ಮಾನ ಆಗಿಹೋಗಿದೆ ಅಂತ ಅರ್ಥ. ನಾನು "ಸಾಕು" ಅನ್ನುತ್ತಿದ್ದದ್ದು ಅದೆಲ್ಲ ಮುಗಿದು ಹತ್ತು ನಿಮಿಷವಾದ ಮೇಲೆ.

ಆ ಸಂಜೆ ಅವಳು ಹಿಟ್ಟಿಗೆ ಕೈ ಹಾಕುವ ಮೊದಲೇ ಮಾತು ತೆಗೆದೆ.

"ಆಯಿ, ನನಗ ಇವತ್ತ ಎರಡೇ ಬಡಿ. ಒಂದು ಪುಂಡಿಪಲ್ಯಾದ ಕೂಡ, ಒಂದು ಶೇಂಗಾ ಹಿಂಡಿ ಮೊಸರಿನ್ ಕೂಡ."

"ಎರಡಾ? ಕೂಸು ತಿಂದಂಗ ಆಯ್ತು."

"ಮತ್ತ ಭಜ್ಜಿ ಅದಲಾ? ಅದಕ್ಕ ಜಾಗಾ ಬೇಕಲ್ಲ."

ಭಜ್ಜಿಯ ಮಾತು ಬಂದಾಗ ಅವಳ ಮುಖ ಸಡಿಲವಾಯಿತು. ಹಬ್ಬದ ಭಜ್ಜಿ ಮಾರನೇ ದಿನವೇ ರುಚಿ ಅನ್ನುವುದು ಅವಳ ವಾದ. ತೊಗರಿಕಾಳು, ಅವರೆಕಾಳು, ಸೊಪ್ಪು, ಹುಣಸೆಹುಳಿ ಎಲ್ಲ ಒಂದಾಗಲು ಒಂದು ರಾತ್ರಿ ಬೇಕಂತೆ. ನಾನು ಅದನ್ನು ಕೇಳಿ ಹಾಕಿಸಿಕೊಂಡೆ. ಒಂದು ಬೇಡ ಅನ್ನುವುದಕ್ಕೆ ಮುಂಚೆ ಇನ್ನೊಂದು ಬೇಕು ಅಂದುಬಿಟ್ಟರೆ ಆಯಿಗೆ ಬಡಿಸಲು ಕೆಲಸ ಇರುತ್ತದೆ. ಕೈ ಮಡಿಲಿಗೆ ಹೋಗುವುದಿಲ್ಲ. ಇದು ಯಾರೂ ಹೇಳಿಕೊಟ್ಟದ್ದಲ್ಲ, ಆ ಹೊತ್ತಿಗೆ ಬಾಯಿಗೆ ಬಂದದ್ದು.

ಎರಡು ರೊಟ್ಟಿ ಆಯಿತು. ಆಮೇಲೆ ಪರಾತದ ಅಂಚಿನಲ್ಲಿ ಅಂಟಿದ್ದ ಹಿಟ್ಟೆಲ್ಲ ಕೆರೆದು ಒಟ್ಟು ಮಾಡಿ, ಅಂಗೈ ಅಗಲದ ಒಂದು ಮರಿ ರೊಟ್ಟಿ ಬಡಿದಳು. ಸಣ್ಣವಳಿದ್ದಾಗ ನಾನು ಅಳುತ್ತಾ ಕೇಳಿ ಮಾಡಿಸಿಕೊಳ್ಳುತ್ತಿದ್ದದ್ದು ಅದೇ. "ಇದು ಲೆಕ್ಕಕ್ಕಿಲ್ಲ" ಅಂತ ತಾಟಿಗೆ ಹಾಕಿದಳು. ಅದಕ್ಕೆ ನನ್ನ ಹತ್ತಿರ ಉಪಾಯ ಇರಲಿಲ್ಲ. ತಿಂದೆ.

ಕೈ ತೊಳೆದು ಬಂದು ಕೇಳಿದೆ, 1972ರ ಬರದ ಕಥೆ ಅವಳು ಹೇಳುತ್ತಿರುತ್ತಾಳಲ್ಲ, ಹಸಿದಿದ್ದರಿಂದಲೇ ಹೀಗೆ ನೀಡುವ ರೂಢಿ ಬಂತಾ ಅಂತ. ನನಗೆ ಅದೇ ಕಾರಣ ಅಂತ ಬಹಳ ದಿನದಿಂದ ಅನ್ನಿಸಿತ್ತು. ಆಯಿ ನಕ್ಕಳು. "ಬರಾ ಬಿದ್ದಿರ್ಲಿಲ್ಲಂದ್ರೂ ನೀಡ್ತಿದ್ದೆ. ನನಗ ಮತ್ತೇನ್ ಬರ್ತದ?"

ಹೊರಡುವ ದಿನ ಬುತ್ತಿಯ ಚೌಕಾಸಿ. ಖಡಕ್ ರೊಟ್ಟಿ ಹದಿನೈದು ದಿನ ಇಟ್ಟರೂ ಕೆಡುವುದಿಲ್ಲ, ಹಾಗಾಗಿ ಆಯಿಯ ಲೆಕ್ಕ ಮೂವತ್ತಕ್ಕೆ ಶುರುವಾಯಿತು. ಈ ಸಲ ನಾನು ಹಿಂದಿನ ಸಂಜೆಯೇ, ಹಿಟ್ಟಿನ ಡಬ್ಬಿ ತೆಗೆಯುವ ಮೊದಲೇ ಹೇಳಿದ್ದೆ: ಹತ್ತು, ಜೊತೆಗೆ ಅಗಸಿ ಹಿಂಡಿ ಒಂದು ಡಬ್ಬಿ. "ಹತ್ತೇ?" ಅಂದಳು. "ಹತ್ತೇ. ಮುಗಿದ ಮ್ಯಾಲ ಮತ್ತ ಬರ್ತೀನಿ." ಅದಕ್ಕೆ ಒಪ್ಪಿದಳು. ಇಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೇ ಅನುಮಾನ ಬಂತು.

ಕಲಬುರಗಿಯಲ್ಲಿ ರೈಲು ಹತ್ತಿ ಕೂತವಳು ಮೊದಲು ಬುತ್ತಿಯ ಗಂಟು ಬಿಚ್ಚಿ ಎಣಿಸಿದೆ. ಹತ್ತೇ ಇದ್ದವು. ಆದರೆ ಬೆಂಗಳೂರಿಗೆ ಬಂದು ಡಬ್ಬಿಗೆ ಹಾಕಲು ಹೋದರೆ ಒಂದೂ ಒಳಗೆ ಹಿಡಿಯಲಿಲ್ಲ. ಒಂದೊಂದೂ ನನ್ನ ದೊಡ್ಡ ತಾಟಿನಿಂದ ನಾಲ್ಕು ಬೆರಳು ಹೊರಗೆ ಬರುತ್ತಿತ್ತು. ಅಗಲದ ಬಗ್ಗೆ ನಾನು ಏನೂ ಮಾತಾಡಿರಲಿಲ್ಲ.