ಬಿಲ್ಡರ್ ಲೆಕ್ಕದಲ್ಲಿ ಉಳಿದಿದ್ದ ಐವತ್ತನಾಲ್ಕು ಸಾವಿರ

ಬೆಳಗಾವಿಯ ಟಿಳಕವಾಡಿಯಲ್ಲಿರುವ ತೆರಿಗೆ ಸಲಹಾ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಫ್ಲ್ಯಾಟ್ ಮಾರಲು ಹೊರಟವರು ನಮ್ಮಲ್ಲಿಗೆ ಬಂದಾಗ ಅವರ ಕೈಯಲ್ಲಿ ಸಾಮಾನ್ಯವಾಗಿ ಖರೀದಿ ಪತ್ರ ಒಂದೇ ಇರುತ್ತದೆ. ಅದರಲ್ಲಿ ಫ್ಲ್ಯಾಟಿನ ಬೆಲೆ ಬರೆದಿರುತ್ತದೆ, ಸರಿ. ಆದರೆ ಬೆಲೆಯ ಮೇಲೆ ಬಿಲ್ಡರ್‌ಗೆ ಕಟ್ಟಿದ ಜಿಎಸ್‌ಟಿ ಅದರಲ್ಲಿ ಬಹುತೇಕ ಇರುವುದಿಲ್ಲ. ಆ ಹಣವೂ ಮನೆಯ ವೆಚ್ಚವೇ, ಮಾರುವಾಗ ಲಾಭದಿಂದ ಕಳೆಯಬೇಕಾದದ್ದೇ. ಅದಕ್ಕೆ ಸಾಕ್ಷಿ ಬಿಲ್ಡರ್ ಕೊಟ್ಟ ತೆರಿಗೆ ಬಿಲ್ಲುಗಳು. ಅವು ಕೈಗೆ ಸಿಗುವ ಕಾಲ ಹಣ ಪೂರ್ತಿ ಕಟ್ಟಿದ ಮರುವಾರ. ಹತ್ತು ವರ್ಷದ ನಂತರವಲ್ಲ. ಜಿಎಸ್‌ಟಿ ಕಾನೂನು ಲೆಕ್ಕಪುಸ್ತಕಗಳನ್ನು ಕಾಯ್ದಿಡಬೇಕೆಂದು ಹೇಳುವುದು ಆಯಾ ವರ್ಷದ ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳ ಮಟ್ಟಿಗೆ ಮಾತ್ರ. ಆಮೇಲೆ ಬಿಲ್ಡರ್ ಕೈಚೆಲ್ಲಿದರೆ ಕೇಳುವಂತಿಲ್ಲ.

ಈ ಮಾತು ನನಗೆ ಗಟ್ಟಿಯಾದದ್ದು ನಿವೃತ್ತ ಉಪನ್ಯಾಸಕರೊಬ್ಬರ ಲೆಕ್ಕ ಬಿಡಿಸುವಾಗ. ಅವರ ಫ್ಲ್ಯಾಟಿನ ಬೆಲೆ 54 ಲಕ್ಷ. ಕರಾರು ನೋಂದಣಿಯಾದ ಮೇಲೆ ಒಂಬತ್ತು ಒಂಬತ್ತು ಲಕ್ಷದ ಆರು ಕಂತು, ಪ್ರತಿ ಕಂತಿಗೆ ಶೇಕಡಾ 5ರಂತೆ 45,000 ಜಿಎಸ್‌ಟಿ. ಒಟ್ಟು 56,70,000 ರೂಪಾಯಿ. ಕೊನೆಯ ಕಂತು ಮುಟ್ಟಿಸಿ ಖಾತೆ ವಿವರ ಕೇಳಿದರೆ ಬಿಲ್ಡರ್ ಕಚೇರಿಯಿಂದ ಬಂದ ಲೆಡ್ಜರ್‌ನ ಕೊನೆಯ ಸಾಲಿನಲ್ಲಿ 54,000 ರೂಪಾಯಿ ಬಾಕಿ ಇತ್ತು, ಅದರ ಮೇಲೆ ತಡಪಾವತಿಯ ಬಡ್ಡಿ ಬೇರೆ. ಬಾಕಿ ತೀರುವವರೆಗೆ ಉಳಿದ ಬಿಲ್ಲುಗಳನ್ನು ಕೊಡುವುದಿಲ್ಲ ಎಂಬ ಮಾತೂ ಬಂತು. ಮೇಷ್ಟ್ರು ಹೌಹಾರಿದ್ದರು. "ನಾನು ಒಂದು ಪೈಸೆ ಉಳಿಸಿಕೊಂಡಿಲ್ಲ, ನೋಡಿ" ಎಂದು ಪಾಸ್‌ಬುಕ್ಕನ್ನು ನನ್ನ ಮೇಜಿನ ಮೇಲೆ ಇಟ್ಟರು.

54 ಲಕ್ಷಕ್ಕೆ 54,000 ಎಂದರೆ ಸರಿಯಾಗಿ ಶೇಕಡಾ ಒಂದು. ಆ ಅಂಕಿ ಕಂಡ ಕೂಡಲೇ ಕಾರಣ ಹೊಳೆಯಬೇಕು. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇಕಡಾ ಒಂದನ್ನು ಟಿಡಿಎಸ್ ಎಂದು ಹಿಡಿದು, ಮಾರುವವರ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಮೇಷ್ಟ್ರು ಪ್ರತಿ ಕಂತಿನಲ್ಲೂ 9,000 ಹಿಡಿದು 26QB ನಮೂನೆಯಲ್ಲಿ ಕಟ್ಟಿ, ಉಳಿದ 9,36,000 ರೂಪಾಯಿಯನ್ನು ಬಿಲ್ಡರ್‌ಗೆ ಕೊಟ್ಟಿದ್ದರು. ಬಿಲ್ಡರ್ ಕಚೇರಿಯ ಲೆಕ್ಕಿಗ ಬ್ಯಾಂಕಿಗೆ ಬಂದ ಹಣವನ್ನಷ್ಟೇ ಜಮಾ ಬರೆದುಕೊಂಡಿದ್ದ. ಸರ್ಕಾರದ ಮೂಲಕ ಬಂದ ಹಣ ಅವನ ಪುಸ್ತಕಕ್ಕೆ ಏರಿರಲೇ ಇಲ್ಲ. ಲೆಡ್ಜರ್‌ನಲ್ಲಿ ಬಾಕಿ ಕಂಡಾಗ ನಾನು ಮೊದಲು ಹುಡುಕುವುದು ಇದನ್ನೇ.

ಆದರೆ ಲೆಕ್ಕಿಗನನ್ನೇ ಪೂರ್ತಿ ದೂರುವಂತೆಯೂ ಇರಲಿಲ್ಲ. ಆರು ಕಂತುಗಳ ಟಿಡಿಎಸ್ ಕಟ್ಟಿದ್ದಕ್ಕೆ ಸಾಕ್ಷಿಯಾದ 16B ಪ್ರಮಾಣಪತ್ರಗಳನ್ನು ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಜಾಲತಾಣದಿಂದ ಇಳಿಸಿ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಐದರಲ್ಲಿ ಬಿಲ್ಡರ್ ಸಂಸ್ಥೆಯ ಪ್ಯಾನ್ ಇತ್ತು, ಮೂರನೆಯ ಕಂತಿನದರಲ್ಲಿ ಪಾಲುದಾರರೊಬ್ಬರ ಸ್ವಂತ ಪ್ಯಾನ್. ಕರಾರು ಪತ್ರದಲ್ಲಿ ಎರಡೂ ಸಂಖ್ಯೆಗಳು ಹತ್ತಿರ ಹತ್ತಿರ ಇದ್ದವು. ಆ 9,000 ಸಂಸ್ಥೆಯ ಖಾತೆಗೆ ಸೇರಿರಲಿಲ್ಲ. ಹೀಗಾಗಿ 45,000 ರೂಪಾಯಿಗೆ ಪ್ರಮಾಣಪತ್ರಗಳನ್ನು ಲಗತ್ತಿಸಿ ಜಮಾ ಬರೆಯುವಂತೆ ಕೇಳಿದೆವು. ಉಳಿದ 9,000 ರೂಪಾಯಿಗೆ ಟ್ರೇಸಸ್‌ನಲ್ಲಿ ತಿದ್ದುಪಡಿ ಅರ್ಜಿ ಹಾಕಿ, ಮಂಜೂರಾದ ಮೇಲೆ ಹೊಸ ಪ್ರಮಾಣಪತ್ರ ಕೊಡುವುದಾಗಿ ಬರೆದೆವು. ಹಣ ಹಿಡಿದಿಟ್ಟುಕೊಂಡವರೇ ಇಲ್ಲದ ಮೇಲೆ ಬಡ್ಡಿಯ ಪ್ರಶ್ನೆಯೇ ಬರುವುದಿಲ್ಲ ಎಂದೂ ಅದೇ ಪತ್ರದಲ್ಲಿ ಸೇರಿಸಿದೆವು.

ಪತ್ರದ ಬಗ್ಗೆ ಸ್ವಲ್ಪ ಹೇಳಬೇಕು. "ದಯವಿಟ್ಟು ಖಾತೆ ವಿವರ ಕೊಡಿ" ಎಂದು ಒಂದು ಸಾಲು ಬರೆದರೆ ಕಚೇರಿಯವರು "ನೋಡೋಣ" ಎನ್ನುತ್ತಾರೆ. ಅದರ ಬದಲು ನಮ್ಮ ಲೆಕ್ಕವನ್ನು ನಾವೇ ಮುಂದಿಡಬೇಕು. ಪ್ರತಿ ಕಂತಿನ ದಿನಾಂಕ, ಬ್ಯಾಂಕ್ ವ್ಯವಹಾರ ಸಂಖ್ಯೆ, ಮೂಲ ಮೊತ್ತ, ಜಿಎಸ್‌ಟಿ, ಟಿಡಿಎಸ್, ಅವರು ಕೊಟ್ಟ ರಸೀದಿ ಸಂಖ್ಯೆ, ಬಿಲ್ ಸಂಖ್ಯೆ ಇಷ್ಟನ್ನೂ ಒಂದು ಕೋಷ್ಟಕದಲ್ಲಿ ತುಂಬಬೇಕು. ಯಾವುದು ಸಿಕ್ಕಿಲ್ಲವೋ ಆ ಮನೆಯನ್ನು ಖಾಲಿ ಬಿಡಬೇಕು. ಮೇಷ್ಟ್ರ ಕೋಷ್ಟಕದಲ್ಲಿ ಐದು ಮತ್ತು ಆರನೆಯ ಕಂತುಗಳ ಎದುರು ಬಿಲ್ ಸಂಖ್ಯೆಯ ಮನೆ ಖಾಲಿ ಉಳಿಯಿತು. ಕೇಳಬೇಕಾದದ್ದು ಏನೆಂಬುದು ಆಗ ಎರಡೂ ಕಡೆಯವರಿಗೆ ಸ್ಪಷ್ಟವಾಯಿತು. ಈ ಕೋಷ್ಟಕವನ್ನು ಇಮೇಲ್‌ನಲ್ಲೂ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿದೆವು. ಸಾಲದ ಕಂತುಗಳ ಮೂಲ ರಸೀದಿಗಳು ಬ್ಯಾಂಕಿನ ಕಡತದಲ್ಲಿ ಸೇರಿಹೋಗಿದ್ದರೆ ಅವುಗಳ ಪ್ರತಿಯನ್ನು ಬ್ಯಾಂಕಿನಿಂದಲೇ ಮೊದಲು ಪಡೆಯಬೇಕು. ಇಲ್ಲದಿದ್ದರೆ ಕೊಟ್ಟಿರುವ ರಸೀದಿಯನ್ನೇ ಮತ್ತೆ ಕೇಳಿದಂತಾಗುತ್ತದೆ.

"ರಸೀದಿ ಕೊಟ್ಟಿದ್ದೇವಲ್ಲ, ಸರ್, ಜಿಎಸ್‌ಟಿ ಸೇರಿ ಎಂದೇ ಬರೆದಿದ್ದೇವೆ" ಎಂದು ಆ ಲೆಕ್ಕಿಗ ಫೋನಿನಲ್ಲಿ ಹೇಳಿದ. ಇದು ಬಹಳ ಕಡೆ ಕೇಳಿಬರುವ ಉತ್ತರ. ರಸೀದಿ ಹಣ ಮುಟ್ಟಿತು ಎಂದಷ್ಟೇ ಹೇಳುತ್ತದೆ. ಬಿಲ್ ಎಂದರೆ ಅದರಲ್ಲಿ ಬಿಲ್ಡರ್‌ನ ಜಿಎಸ್‌ಟಿ ಸಂಖ್ಯೆ, ಬಿಲ್ಲಿನ ಕ್ರಮಸಂಖ್ಯೆ ಮತ್ತು ದಿನಾಂಕ, ತೆರಿಗೆಗೆ ಒಳಪಡುವ ಮೌಲ್ಯ, ಕೇಂದ್ರದ ಪಾಲು ಮತ್ತು ರಾಜ್ಯದ ಪಾಲು ಬೇರೆ ಬೇರೆಯಾಗಿ ಇರಬೇಕು. ಕಂತು ಕಟ್ಟಬೇಕಾದ ದಿನ ಕರಾರಿನಲ್ಲೇ ಇದ್ದರೆ ಆ ದಿನದೊಳಗೆ, ಕಟ್ಟಡದ ಹಂತಕ್ಕೆ ಕಂತನ್ನು ಜೋಡಿಸಿದ್ದರೆ ಆ ಹಂತ ಮುಗಿಯುವುದರೊಳಗೆ ಬಿಲ್ ಆಗಬೇಕು. ಬಿಲ್ ಕೊಡದಿದ್ದರೆ 10,000 ರೂಪಾಯಿ ಅಥವಾ ಆ ತೆರಿಗೆಯ ಮೊತ್ತ, ಎರಡರಲ್ಲಿ ಹೆಚ್ಚಿನದು ದಂಡ. ಇದನ್ನು ಗದರಿಕೆಯ ದನಿಯಲ್ಲಿ ಹೇಳಬೇಕಿಲ್ಲ, ಪತ್ರದಲ್ಲಿ ಒಂದು ಸಾಲು ಬರೆದರೆ ಸಾಕು.

ಬಿಲ್ಲುಗಳು ಬಂದವು. ಆಗ ಮೇಷ್ಟ್ರಿಗೆ ಹೊಸ ಅನುಮಾನ: "ಶೇಕಡಾ ಐದು ಎಂದಿದ್ದರು, ಇಲ್ಲಿ 3.75 ಮತ್ತು 3.75 ಇದೆ. ಏಳೂವರೆ ಆಯಿತಲ್ಲ?" ಇದರಲ್ಲಿ ಮೋಸವಿಲ್ಲ. ಬೆಲೆಯ ಮೂರನೆಯ ಒಂದು ಭಾಗ ಜಮೀನಿನದು ಎಂದು ಕಾನೂನು ಮೊದಲೇ ಬಿಟ್ಟುಬಿಡುತ್ತದೆ. ಒಂಬತ್ತು ಲಕ್ಷದಲ್ಲಿ ಮೂರು ಲಕ್ಷ ಹೋಗಿ ಉಳಿದ ಆರು ಲಕ್ಷಕ್ಕೆ ಏಳೂವರೆ ಎಂದರೆ 45,000. ಒಂಬತ್ತು ಲಕ್ಷಕ್ಕೆ ಐದು ಎಂದರೂ ಅಷ್ಟೇ. ಮೊತ್ತ ತಾಳೆಯಾದರೆ ದರ ನೋಡಿ ಗಾಬರಿಯಾಗಬೇಕಿಲ್ಲ.

ಬಿಲ್ಲಿನ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು gst.gov.in ತಾಣದಲ್ಲಿ ಹಾಕಿ ನೋಂದಣಿ ಜಾರಿಯಲ್ಲಿದೆಯೇ, ತಿಂಗಳ ವಿವರಗಳು ಸಲ್ಲಿಕೆಯಾಗಿವೆಯೇ ಎಂದು ಯಾರು ಬೇಕಾದರೂ ನೋಡಬಹುದು. ಆದರೆ ನಾವು ಕಟ್ಟಿದ ಆ 45,000 ಸರ್ಕಾರಕ್ಕೆ ಮುಟ್ಟಿತೇ ಎಂಬುದು ಅಲ್ಲಿ ಕಾಣಿಸುವುದಿಲ್ಲ. ನೋಂದಣಿ ರದ್ದಾಗಿರುವ ಸಂಖ್ಯೆಯಲ್ಲಿ ಬಿಲ್ ಬಂದಿದ್ದರೆ ಮಾತ್ರ ಅಲ್ಲೇ ಸಿಕ್ಕಿಬೀಳುತ್ತದೆ.

ಮೇಷ್ಟ್ರ ವಿಷಯದಲ್ಲಿ ಈ ಕಾಗದಗಳ ಬೆಲೆ ಎಷ್ಟು? ಅವರು ಕಟ್ಟಿದ ಜಿಎಸ್‌ಟಿ 2,70,000. ಮುಂದೆ ಫ್ಲ್ಯಾಟ್ ಲಾಭಕ್ಕೆ ಮಾರಿದಾಗ ಅದನ್ನು ವೆಚ್ಚವೆಂದು ತೋರಿಸಲಾಗದಿದ್ದರೆ, ದೀರ್ಘಾವಧಿ ಲಾಭದ ಮೇಲಿನ ಶೇಕಡಾ 12.5ರ ದರದಲ್ಲಿ 33,750 ರೂಪಾಯಿ ತೆರಿಗೆ ಸುಮ್ಮನೆ ಹೋಗುತ್ತದೆ.

ಬಿಲ್ಡರ್ ಉತ್ತರವನ್ನೇ ಕೊಡದಿದ್ದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ಕರ್ನಾಟಕ ರೇರಾಕ್ಕೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಆದರೆ 500 ಚದರ ಮೀಟರಿಗಿಂತ ಹೆಚ್ಚಿಲ್ಲದ ಜಾಗದಲ್ಲಿ ಅಥವಾ ಎಂಟು ಫ್ಲ್ಯಾಟು ಮೀರದಂತೆ ಕಟ್ಟಿದ ಕಟ್ಟಡಕ್ಕೆ ರೇರಾ ನೋಂದಣಿ ಕಡ್ಡಾಯವಲ್ಲ. ನಮ್ಮೂರಿನ ಬಡಾವಣೆಗಳಲ್ಲಿ ಅಂಥ ಚಿಕ್ಕ ಕಟ್ಟಡಗಳು ಸಾಕಷ್ಟಿವೆ. ಅಲ್ಲಿ ಕೊಂಡವರಿಗೆ ನಾವು ತೋರಿಸುವ ದಾರಿ ಜಿಲ್ಲಾ ಗ್ರಾಹಕ ಆಯೋಗ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಆ ಕೋಷ್ಟಕ ಮತ್ತು ಅಂಚೆಯ ಸ್ವೀಕೃತಿ ಚೀಟಿಯನ್ನು.