ಮೊದಲು ಸ್ಕೇಲ್, ಆಮೇಲೆ ಪೇಜ್ ಬ್ರೇಕ್: ಎಕ್ಸೆಲ್ ಶೀಟ್ ಪ್ರಿಂಟ್ ತೆಗೆಯುವ ಮುಂಚೆ

ನಮ್ಮ ಆಫೀಸಿನಲ್ಲಿ ಪ್ರತಿ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ತಯಾರಿಸುವುದು ನನ್ನ ಕೆಲಸ. ಅದು ಕಂಪ್ಯೂಟರಿನಲ್ಲೇ ಉಳಿಯುವ ಶೀಟ್ ಅಲ್ಲ. ಪ್ರಿಂಟ್ ತೆಗೆದು ಒಂದೊಂದು ಸೆಕ್ಷನ್‌ಗೆ ಅದರದ್ದೇ ಪುಟ ಕೊಡಬೇಕು. ಅವರು ಸರಕು ಎಣಿಸಿ, ಟಿಕ್ ಹಾಕಿ, ಕೆಳಗೆ ಸಹಿ ಮಾಡಿ ವಾಪಸ್ ಕೊಡುತ್ತಾರೆ. ಹಾಗಾಗಿ ಒಂದು ಸೆಕ್ಷನ್‌ನ ಎರಡು ಸಾಲು ಇನ್ನೊಂದರ ಪುಟಕ್ಕೆ ಹೋದರೂ ಕೆಲಸ ಕೆಡುತ್ತದೆ.

ಇದಕ್ಕೆ ಬೇಕಾದ ಸೌಲಭ್ಯಗಳು ಎಕ್ಸೆಲ್‌ನಲ್ಲಿ ಇವೆ, ಹೆಚ್ಚಿನವರಿಗೆ ಗೊತ್ತೂ ಇವೆ. ತೊಂದರೆ ಬರುವುದು ಅವುಗಳನ್ನು ಬಳಸುವ ಕ್ರಮದಲ್ಲಿ. ಮೊದಲು ಪೇಜ್ ಬ್ರೇಕ್ ಹಾಕಿ, ಆಮೇಲೆ ಸ್ಕೇಲ್ ಬದಲಿಸಿದರೆ ಬ್ರೇಕ್‌ಗಳನ್ನೆಲ್ಲ ಮತ್ತೆ ನೋಡಬೇಕಾಗುತ್ತದೆ. ಒಂದು ಪುಟಕ್ಕೆ ಎಷ್ಟು ಸಾಲು ಹಿಡಿಸುತ್ತದೆ ಅನ್ನುವುದನ್ನು ನಿರ್ಧರಿಸುವುದೇ ಸ್ಕೇಲ್ ಅಲ್ವಾ? ಆ ಸ್ಕೇಲ್ ಎಷ್ಟಿರಬೇಕು ಅನ್ನುವುದು ಪೇಪರ್, ಮಾರ್ಜಿನ್ ಮತ್ತು ಪ್ರಿಂಟ್ ಆಗುವ ಕಾಲಂಗಳ ಮೇಲೆ ನಿಂತಿದೆ. ಅದಕ್ಕೇ ನಾನು ಪೇಪರ್‌ನಿಂದ ಶುರು ಮಾಡಿ, ಪೇಜ್ ಬ್ರೇಕನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳುತ್ತೇನೆ.

ನನ್ನ ಶೀಟಿನ ಲೆಕ್ಕವನ್ನೇ ಹೇಳುತ್ತೇನೆ. A ಇಂದ N ತನಕದ ಕಾಲಂಗಳು ಪ್ರಿಂಟ್ ಆಗಬೇಕು. ಅದರಾಚೆ ಇರುವ ನಾಲ್ಕು ಕಾಲಂ ನನ್ನ ಸ್ವಂತ ತಾಳೆಗೆ ಮಾತ್ರ, ಅವು ಯಾರಿಗೂ ಬೇಡ. ಮೊದಲ ಮೂರು ಸಾಲಿನಲ್ಲಿ ಸ್ಟೇಟ್‌ಮೆಂಟ್‌ನ ಹೆಸರು, ತಾರೀಖು, ಕಾಲಂ ಹೆಡಿಂಗ್ ಇವೆ. 4ನೇ ಸಾಲಿನಿಂದ ಸರಕಿನ ವಿವರ, 212ನೇ ಸಾಲಿನಲ್ಲಿ ಒಟ್ಟು ಮೊತ್ತ. ನಡುವೆ ಪ್ರತಿ ಸೆಕ್ಷನ್ ಮುಗಿದಾಗ ಅದರ ಮೊತ್ತಕ್ಕೆ ಒಂದು ಸಾಲು ಇದೆ.

ಮೊದಲಿಗೆ ಪ್ರಿಂಟರ್ ಯಾವುದು, ಪೇಪರ್ ಯಾವುದು ಅಂತ ಆರಿಸಿಕೊಳ್ಳಿ. ಬೇರೆ ಕಡೆಯಿಂದ ಬಂದ ಫೈಲ್ ಆದರೆ ಪೇಪರ್ `Letter` ಅಂತ ಇರುವುದುಂಟು. ಅದು A4ಗಿಂತ ಸ್ವಲ್ಪ ಅಗಲ, ಉದ್ದ ಕಡಿಮೆ. ಹಾಗೆಯೇ ಬಿಟ್ಟು ಪುಟ ಜೋಡಿಸಿದರೆ A4ನಲ್ಲಿ ಎಲ್ಲ ಲೆಕ್ಕವೂ ತಪ್ಪುತ್ತದೆ. ನಾನು A4 ಇಟ್ಟು, `Landscape` ಮಾಡಿ, ಮಾರ್ಜಿನ್ `Narrow` ಆರಿಸುತ್ತೇನೆ.

ಆಮೇಲೆ ಪ್ರಿಂಟ್ ಏರಿಯಾ. A1ರಿಂದ N212ರ ತನಕ ಸೆಲೆಕ್ಟ್ ಮಾಡಿ, `Page Layout` ಟ್ಯಾಬಿನಲ್ಲಿ `Print Area` ಒತ್ತಿ, `Set Print Area` ಕೊಡಿ. ಅಲ್ಲಿಗೆ ನನ್ನ ತಾಳೆ ಕಾಲಂಗಳು ಹೊರಗೆ ಉಳಿದವು. ಕೊನೆಯಲ್ಲಿ ಸುಮ್ನೆ ಖಾಲಿ ಹಾಳೆ ಬರುವ ಕಾಟವೂ ಇಲ್ಲಿಗೇ ನಿಲ್ಲುತ್ತದೆ. ಆ ಖಾಲಿ ಹಾಳೆಗೆ ಕಾರಣ ಬಹಳ ಸಲ ಎಲ್ಲೋ ಕೆಳಗೆ ಬಿಟ್ಟುಹೋದ ಒಂದು ಬಾರ್ಡರ್ ಅಥವಾ ಸ್ಪೇಸ್ ಆಗಿರುತ್ತದೆ. `Ctrl+End` ಒತ್ತಿದರೆ ಎಕ್ಸೆಲ್ ಶೀಟಿನ ಕೊನೆ ಎಲ್ಲಿದೆ ಅಂದುಕೊಂಡಿದೆ ಅನ್ನುವುದು ಕಾಣುತ್ತದೆ.

ಪ್ರಿಂಟ್ ಏರಿಯಾ ತನ್ನಷ್ಟಕ್ಕೆ ಕೆಳಗೆ ಬೆಳೆಯುವುದಿಲ್ಲ ಅನ್ನುವುದನ್ನು ಗಮನಿಸಿ. 213ನೇ ಸಾಲಿನಲ್ಲಿ ಹೊಸದಾಗಿ ಏನಾದರೂ ಟೈಪ್ ಮಾಡಿದರೆ ಅದು ಪ್ರಿಂಟ್‌ಗೆ ಬರುವುದಿಲ್ಲ, ಎಕ್ಸೆಲ್ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದೇ ಮೊತ್ತದ ಸಾಲಿನ ಮೇಲೆ ಹೊಸ ಸಾಲು ಇನ್ಸರ್ಟ್ ಮಾಡಿದರೆ ಏರಿಯಾ ತಾನೇ ಹಿಗ್ಗುತ್ತದೆ. ಹೊಸ ಸರಕು ಬಂದಾಗಲೆಲ್ಲ ಸಾಲನ್ನು ನಡುವೆಯೇ ಸೇರಿಸಿ ಅಂತ ಜೊತೆಯವರಿಗೆ ಹೇಳುವುದು ಇದಕ್ಕೇ.

ಹೆಡಿಂಗ್ ಪ್ರತಿ ಪುಟದಲ್ಲೂ ಬರಬೇಕಾದರೆ `Print Titles` ಒತ್ತಿ, `Rows to repeat at top` ಅನ್ನುವ ಜಾಗದಲ್ಲಿ ಹೀಗೆ ಕೊಡಿ:

```
$1:$3
```

ಫ್ರೀಜ್ ಪೇನ್ಸ್ ಮಾಡಿದ್ದೇನಲ್ಲ, ಹೆಡಿಂಗ್ ಯಾಕೆ ಬರಲಿಲ್ಲ ಅಂತ ಎಷ್ಟೋ ಜನ ಕೇಳುತ್ತಾರೆ. ಫ್ರೀಜ್ ಪೇನ್ಸ್ ಇರುವುದು ಸ್ಕ್ರೀನಿಗೆ ಮಾತ್ರ. ಪ್ರಿಂಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು ಪ್ರಶ್ನೆಯೂ ಆಗಾಗ ಬರುತ್ತದೆ. ಮೊನ್ನೆ ಪಕ್ಕದ ಸೆಕ್ಷನ್‌ನವರೊಬ್ಬರು, "ಸರ್, ಆ ಜಾಗ ಮಂಕಾಗಿದೆ, ಟೈಪೇ ಆಗ್ತಿಲ್ಲ" ಅಂದರು. ಅವರು ಪ್ರಿಂಟ್ ಪ್ರಿವ್ಯೂ ಒಳಗಿನಿಂದ `Page Setup` ತೆರೆದಿದ್ದರು. ಆ ದಾರಿಯಲ್ಲಿ ಹೋದರೆ ಪ್ರಿಂಟ್ ಏರಿಯಾ, ಹೆಡಿಂಗ್ ಸಾಲು ಎರಡನ್ನೂ ಬದಲಿಸಲು ಬಿಡುವುದಿಲ್ಲ. ಪ್ರಿವ್ಯೂನಿಂದ ಹೊರಗೆ ಬಂದು `Page Layout` ಟ್ಯಾಬಿನಿಂದ ಹೋಗಬೇಕು.

ಈಗ ಸ್ಕೇಲ್. ಇಲ್ಲಿ ಸ್ವಲ್ಪ ನಿಧಾನಿಸೋಣ.

ಪುಟದಲ್ಲಿ ಹಿಡಿಸದಿದ್ದಾಗ ಜಾಸ್ತಿ ಜನ ಒತ್ತುವುದು `Fit Sheet on One Page`. ನನ್ನ ಶೀಟಿಗೆ ಅದನ್ನು ಒತ್ತಿದರೆ ಏನಾಗುತ್ತದೆ ನೋಡಿ. 212 ಸಾಲು, ಒಂದೊಂದೂ 15 ಪಾಯಿಂಟ್ ಎತ್ತರ. ಒಟ್ಟು 3180 ಪಾಯಿಂಟ್, ಅಂದರೆ ಸುಮಾರು 44 ಇಂಚು. ಅಡ್ಡ ಇಟ್ಟ A4ನಲ್ಲಿ ಮೇಲೆ ಕೆಳಗೆ ಮಾರ್ಜಿನ್ ಕಳೆದರೆ ಉಳಿಯುವ ಎತ್ತರ 6.77 ಇಂಚು. ಸ್ಕೇಲ್ 15 ಪರ್ಸೆಂಟಿಗೆ ಇಳಿಯುತ್ತದೆ. 11 ಪಾಯಿಂಟ್ ಅಕ್ಷರ 2 ಪಾಯಿಂಟ್ ಕೂಡ ಇರುವುದಿಲ್ಲ. ಅದನ್ನು ಯಾರೂ ಓದಲಾರರು.

ನಮಗೆ ಬೇಕಾಗಿರುವುದು ಅಗಲ ಒಂದು ಪುಟದೊಳಗೆ ಬರುವುದು ಅಷ್ಟೇ. ಎತ್ತರ ಎಷ್ಟು ಪುಟ ಆದರೂ ಆಗಲಿ. ಅದಕ್ಕೆ `Width` ಅನ್ನು `1 page` ಮಾಡಿ, `Height` ಅನ್ನು `Automatic` ಬಿಡಬೇಕು. ನನ್ನ ಕಾಲಂಗಳ ಅಗಲವೆಲ್ಲ ಕೂಡಿ ಸುಮಾರು 14 ಇಂಚು. ಅಡ್ಡ ಪುಟದಲ್ಲಿ ಬರೆಯಲು ಸಿಗುವ ಅಗಲ 11.19 ಇಂಚು. ಅಲ್ಲಿಗೆ ಸ್ಕೇಲ್ 79 ಪರ್ಸೆಂಟ್, ಅಕ್ಷರ ಎಂಟೂವರೆ ಪಾಯಿಂಟ್‌ಗಿಂತ ಸ್ವಲ್ಪ ದೊಡ್ಡದು. ಆರಾಮಾಗಿ ಓದಬಹುದು. ಅದೇ ಪುಟವನ್ನು ಉದ್ದಕ್ಕೆ ಇಟ್ಟಿದ್ದರೆ 55 ಪರ್ಸೆಂಟಿಗೆ ಇಳಿದು ಅಕ್ಷರ 6 ಪಾಯಿಂಟ್ ಆಗುತ್ತಿತ್ತು. ಅಡ್ಡ ಇಟ್ಟಿದ್ದು ಈ ಕಾರಣಕ್ಕೆ.

ಸೆಕ್ಷನ್ ಪ್ರಕಾರ ಪುಟ ಬೇರೆ ಮಾಡುವುದು ಬೇಡ ಅನ್ನುವವರು ಇಲ್ಲಿಗೇ ಪ್ರಿಂಟ್ ಕೊಡಬಹುದು. ನಮಗೆ ಪೇಜ್ ಬ್ರೇಕ್ ಬೇಕು, ತೊಡಕು ಇರುವುದೂ ಇಲ್ಲೇ. `Width` ಅನ್ನು ಹೀಗೆ `1 page` ಮಾಡಿದರೆ ಫಿಟ್ ಟು ಆನ್ ಆಗುತ್ತದೆ. ಅದು ಆನ್ ಇದ್ದಾಗ ನಾವು ಕೈಯಾರೆ ಹಾಕಿದ ಪೇಜ್ ಬ್ರೇಕ್‌ಗಳನ್ನು ಎಕ್ಸೆಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಮೈಕ್ರೋಸಾಫ್ಟ್‌ನ ಹೆಲ್ಪ್ ಪುಟವೇ ಹೇಳುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ನಂಬಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬ್ರೇಕ್ ಬೇಕಾದ ಶೀಟಿನಲ್ಲಿ `Width`, `Height` ಎರಡನ್ನೂ `Automatic` ಮಾಡಿ, `Scale` ಜಾಗದಲ್ಲಿ ಪರ್ಸೆಂಟನ್ನು ನೇರವಾಗಿ ಕೊಡುತ್ತೇನೆ.

ಆ ಪರ್ಸೆಂಟ್ ಗೊತ್ತು ಮಾಡಲು ಇಂಚು ಲೆಕ್ಕ ಹಾಕಲೇಬೇಕು ಅಂತಿಲ್ಲ. `View` ಟ್ಯಾಬಿನಲ್ಲಿ `Page Break Preview` ತೆರೆಯಿರಿ. ಕಾಲಂಗಳ ನಡುವೆ ಚುಕ್ಕಿ ಚುಕ್ಕಿ ನೀಲಿ ಗೆರೆಯೊಂದು ಕಾಣುತ್ತದೆ. ಅದು ಎಕ್ಸೆಲ್ ತಾನಾಗಿ ಪುಟ ಕತ್ತರಿಸುವ ಜಾಗ. ಅದನ್ನು ಮೌಸ್‌ನಲ್ಲಿ ಹಿಡಿದು ಬಲಕ್ಕೆ N ಕಾಲಂನ ಅಂಚಿನ ತನಕ ಎಳೆದು ಬಿಡಿ. ಎಲ್ಲ ಕಾಲಂಗಳೂ ಒಂದೇ ಪುಟಕ್ಕೆ ಬರುವಷ್ಟು ಸ್ಕೇಲ್ ತಾನೇ ಇಳಿಯುತ್ತದೆ. `Page Layout` ಟ್ಯಾಬಿಗೆ ಹೋದರೆ ಎಷ್ಟಕ್ಕೆ ಇಳಿದಿದೆ ಅಂತ ಬರೆದಿರುತ್ತದೆ.

79 ಪರ್ಸೆಂಟಿನಲ್ಲಿ ನನ್ನ ಪುಟಕ್ಕೆ 41 ಸಾಲು ಹಿಡಿಸುತ್ತದೆ. ಮೂರು ಸಾಲು ಹೆಡಿಂಗ್‌ಗೆ ಹೋದರೆ ಉಳಿಯುವುದು 38. ಹೆಡಿಂಗ್ ಸಾಲುಗಳು ಪ್ರತಿ ಪುಟದಲ್ಲೂ ಜಾಗ ತಿನ್ನುತ್ತವೆ ಅನ್ನುವುದನ್ನು ಮರೆಯಬಾರದು. ನಮ್ಮಲ್ಲಿ ಅತಿ ದೊಡ್ಡ ಸೆಕ್ಷನ್‌ಗೆ ಮೊತ್ತದ ಸಾಲೂ ಸೇರಿ 40 ಸಾಲು ಇದೆ. 79ರಲ್ಲೇ ಬಿಟ್ಟರೆ ಕೊನೆಯ ಒಂದು ಐಟಂ ಮತ್ತು ಮೊತ್ತ ಎರಡೇ ಮುಂದಿನ ಹಾಳೆಗೆ ಹೋಗಿ ಕೂರುತ್ತವೆ. ಸಹಿ ಬೀಳುವುದು ಆ ಎರಡು ಸಾಲಿನ ಹಾಳೆಯ ಮೇಲೆ. 75ಕ್ಕೆ ಇಳಿಸಿದರೆ 43 ಸಾಲು ಹಿಡಿಸುತ್ತದೆ, ಹೆಡಿಂಗ್ ಕಳೆದು ಸರಿಯಾಗಿ 40. ಆದರೆ ಇದು ತೀರಾ ಬಿಗಿ. ಪ್ರಿಂಟರ್ ಬದಲಾದರೆ ಎಕ್ಸೆಲ್‌ನ ಪುಟದ ಅಳತೆ ಸ್ವಲ್ಪ ಆಚೀಚೆ ಆಗುವುದುಂಟು, ಆಗ ಕೊನೆಯ ಸಾಲು ಜಾರುತ್ತದೆ. ಅದಕ್ಕೆ ನಾನು 74 ಇಡುತ್ತೇನೆ. ಅಲ್ಲೂ ಹಿಡಿಸುವುದು 43 ಸಾಲೇ, ಆದರೆ ಕೆಳಗೆ ಹೆಚ್ಚುಕಡಿಮೆ ಇನ್ನೊಂದು ಸಾಲಿನಷ್ಟು ಜಾಗ ಉಳಿಯುತ್ತದೆ. ಅಕ್ಷರ 8 ಪಾಯಿಂಟ್‌ಗಿಂತ ಕೆಳಗೆ ಇಳಿಯುವುದಿಲ್ಲ. ಅದಕ್ಕಿಂತ ಚಿಕ್ಕದಾಗಿ ಯಾರಿಗೂ ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ. ಎಣಿಸುವವರು ನಿಂತುಕೊಂಡು, ಕಡಿಮೆ ಬೆಳಕಿನಲ್ಲಿ ಓದುತ್ತಾರೆ.

ಇಷ್ಟಾದ ಮೇಲೆ ಬ್ರೇಕ್. ಹೊಸ ಸೆಕ್ಷನ್ ಶುರುವಾಗುವ ಸಾಲಿನ ನಂಬರ್ ಮೇಲೆ ಕ್ಲಿಕ್ ಮಾಡಿ ಇಡೀ ಸಾಲನ್ನು ಸೆಲೆಕ್ಟ್ ಮಾಡಿ, `Breaks` ಒತ್ತಿ `Insert Page Break` ಕೊಡಿ. ಬ್ರೇಕ್ ಆ ಸಾಲಿನ ಮೇಲೆ ಬೀಳುತ್ತದೆ. ಇಡೀ ಸಾಲು ಸೆಲೆಕ್ಟ್ ಮಾಡಿ ಅನ್ನಲು ಕಾರಣ ಇದೆ. ನಡುವಿನ ಒಂದು ಸೆಲ್‌ನಲ್ಲಿ, ಅಂದರೆ F45ರಲ್ಲಿ ಕರ್ಸರ್ ಇಟ್ಟು ಬ್ರೇಕ್ ಕೊಟ್ಟರೆ ಮೇಲೊಂದು, ಎಡಕ್ಕೊಂದು ಅಂತ ಎರಡು ಬ್ರೇಕ್ ಬೀಳುತ್ತವೆ. ಆಗ E ಕಾಲಂ ಆದ ಮೇಲೆ ಪುಟ ಎರಡು ಹೋಳಾಗುತ್ತದೆ. ಇದ್ದಕ್ಕಿದ್ದ ಹಾಗೆ ಪುಟಗಳ ಸಂಖ್ಯೆ ಎರಡರಷ್ಟಾಯಿತು ಅಂದರೆ ಮೊದಲು ಈ ಅಡ್ಡಾದಿಡ್ಡಿ ಬ್ರೇಕ್ ಇದೆಯಾ ಅಂತ ಹುಡುಕಿ.

ಎಲ್ಲ ಬ್ರೇಕ್ ಹಾಕಿದ ಮೇಲೆ ಮತ್ತೊಮ್ಮೆ `Page Break Preview` ನೋಡಿ. ನಾವು ಹಾಕಿದ ಬ್ರೇಕ್ ಗಟ್ಟಿ ಗೆರೆ, ಎಕ್ಸೆಲ್ ತಾನೇ ಹಾಕಿದ್ದು ಚುಕ್ಕಿ ಗೆರೆ. ನನ್ನ ಶೀಟಿನಲ್ಲಿ ಒಂದೂ ಚುಕ್ಕಿ ಗೆರೆ ಇರಬಾರದು. ಎಲ್ಲಾದರೂ ಇದ್ದರೆ ಆ ಸೆಕ್ಷನ್ ಒಂದು ಪುಟಕ್ಕೆ ಹಿಡಿಸಿಲ್ಲ ಅಂತ ಅರ್ಥ. ಪ್ರಿಂಟ್ ಕೊಡುವ ಮುಂಚೆ ನಾನು ಇದನ್ನೊಂದು ನೋಡದೆ ಬಿಡುವುದಿಲ್ಲ.

ಸೆಕ್ಷನ್‌ಗಳು ತುಂಬಾ ಇದ್ದರೆ ಒಂದೊಂದಾಗಿ ಬ್ರೇಕ್ ಹಾಕುವ ಬದಲು `Data` ಟ್ಯಾಬಿನ `Subtotal` ಬಳಸಬಹುದು. ಅಲ್ಲಿ `Page break between groups` ಟಿಕ್ ಮಾಡಿದರೆ ಮೊತ್ತವೂ ಬ್ರೇಕೂ ಒಟ್ಟಿಗೆ ಬೀಳುತ್ತವೆ. ಆದರೆ ಮೊದಲು ಸೆಕ್ಷನ್ ಪ್ರಕಾರ ಸಾರ್ಟ್ ಮಾಡಿರಬೇಕು. ಶೀಟನ್ನು ಎಕ್ಸೆಲ್ ಟೇಬಲ್ ಆಗಿ ಮಾಡಿದ್ದರೆ ಈ ಬಟನ್ ಕೆಲಸ ಮಾಡುವುದಿಲ್ಲ.

ಸಾರ್ಟ್ ವಿಷಯ ಬಂತಲ್ಲ, ಬ್ರೇಕ್ ಹಾಕಿದ ಮೇಲೆ ಸಾರ್ಟ್ ಮಾಡಬೇಡಿ. ಸಾಲು ಇನ್ಸರ್ಟ್ ಮಾಡಿದರೆ ಬ್ರೇಕ್ ಜೊತೆಯಲ್ಲೇ ಕೆಳಗೆ ಸರಿಯುತ್ತದೆ. ಸಾರ್ಟ್ ಮಾಡಿದರೆ ಮಾತ್ರ ಡೇಟಾ ಜಾಗ ಬದಲಿಸುತ್ತದೆ, ಬ್ರೇಕ್ ಇದ್ದಲ್ಲೇ ಇರುತ್ತದೆ. ಮುಂದಿನ ತಿಂಗಳಿಗೆ ಹೊಸ ಶೀಟ್ ಬೇಕಾದಾಗ ಸೆಲ್‌ಗಳನ್ನು ಕಾಪಿ ಮಾಡಿ ಖಾಲಿ ಶೀಟಿಗೆ ಪೇಸ್ಟ್ ಮಾಡಿದರೆ ಪ್ರಿಂಟ್ ಏರಿಯಾ, ಹೆಡಿಂಗ್, ಸ್ಕೇಲ್ ಯಾವುದೂ ಬರುವುದಿಲ್ಲ. ಶೀಟ್ ಟ್ಯಾಬಿನ ಮೇಲೆ ರೈಟ್ ಕ್ಲಿಕ್ ಮಾಡಿ `Move or Copy` ತೆರೆದು, `Create a copy` ಟಿಕ್ ಮಾಡಿದರೆ ಎಲ್ಲವೂ ಹಾಗೇ ಬರುತ್ತವೆ. ಆಮೇಲೆ ಹಳೆಯ ಅಂಕಿ ಅಳಿಸಿ ಹೊಸದು ತುಂಬಿ, ಚುಕ್ಕಿ ಗೆರೆ ಬಂದಿದೆಯಾ ಅಂತ ನೋಡಿದರೆ ಸಾಕು.